ಹೊಲಿಗೆ ಬಿಚ್ಚಿದ ವಾರಗಳು

"ಮಾತ್ರೆ ತಗೊಳ್ಳಿ, ಮೂರು ವಾರ ಕಾಯಿರಿ." ನಮ್ಮ ಒಪಿಡಿಯಲ್ಲಿ ಪಿಜಿ ವಿದ್ಯಾರ್ಥಿಗಳ ಬಾಯಿಂದ ದಿನಕ್ಕೆ ಹತ್ತು ಸಲವಾದರೂ ಕೇಳುವ ಮಾತು ಇದು. ನಾನೂ ಬಹಳ ವರ್ಷ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಯಾಕೆ ಬಿಟ್ಟೆ ಎನ್ನುವುದಕ್ಕೇ ಈ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುವವರು, ವಯಸ್ಸು ಮೂವತ್ತೆಂಟು. ನಾಲ್ಕು ತಿಂಗಳಿನ ಖಿನ್ನತೆ. ಮೊದಲ ಭೇಟಿಯಲ್ಲಿ, ಖಿನ್ನತೆಯ ತೀವ್ರತೆ ಅಳೆಯುವ ಪ್ರಶ್ನಾವಳಿಯಾದ ಪಿಎಚ್‌ಕ್ಯೂ-9ರ ಅಂಕ 19. ಹಿಂದೆ ಉನ್ಮಾದ ಬಂದಿಲ್ಲ, ಸಾಯುವ ಯೋಜನೆಯೂ ಇಲ್ಲ ಎಂದು ಖಚಿತ ಮಾಡಿಕೊಂಡು, ಮನೋವೈದ್ಯರು ಎಸ್ಸಿಟಲೋಪ್ರಾಮ್ ಒಂದು ವಾರ 5 ಮಿ.ಗ್ರಾಂ., ಆಮೇಲೆ 10 ಎಂದು ಬರೆದರು. ಎರಡನೇ ವರ್ಷದ ಪಿಜಿ ಹುಡುಗ ವಿವರಣೆಯನ್ನೂ ಕೊಟ್ಟ: ಮೆದುಳಿನಲ್ಲಿ ಸೆರೊಟೋನಿನ್ ಕಮ್ಮಿಯಾಗಿದೆ, ನಿಧಾನವಾಗಿ ತುಂಬಿಕೊಳ್ಳುತ್ತದೆ.

ಹದಿನೈದನೇ ದಿನ ಆಕೆ ನನ್ನ ಕೋಣೆಗೆ ಬಂದದ್ದು ಮಾತ್ರೆ ನಿಲ್ಲಿಸುತ್ತೇನೆ ಎನ್ನಲು.

"ಮೊದಲನೇ ದಿನಾನೇ ಹೊಟ್ಟೆ ತೊಳಸ್ತು ಮೇಡಂ. ಅಂದ್ರೆ ಔಷಧಿ ಅವತ್ತೇ ಒಳಗೆ ಹೋಗಿ ಕೆಲಸ ಮಾಡಿದೆ ಅಲ್ವಾ? ಹೊಟ್ಟೆಗೆ ಒಂದೇ ದಿನ ಸಾಕು, ಮನಸ್ಸಿಗೆ ಮಾತ್ರ ಯಾಕೆ ಮೂರು ವಾರ?"

ಪಕ್ಕದಲ್ಲಿ ಕೂತಿದ್ದ ಪಿಜಿ ನೆಲ ನೋಡಿದ. ಪರೀಕ್ಷಕರು ವೈವಾದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಆಕೆ ಕೇಳಿದ್ದರು. ಸೆರೊಟೋನಿನ್ ಅನ್ನು ನರಕೋಶದೊಳಕ್ಕೆ ವಾಪಸ್ ಎಳೆಯುವ ಸಾಗಣೆ ಪ್ರೋಟೀನಿಗೆ ಮಾತ್ರೆಯಿಂದ ತಡೆ ಬೀಳುವುದು ಕೆಲವೇ ಗಂಟೆಗಳಲ್ಲಿ. ವಾಕರಿಕೆ ಬಂದದ್ದು ಅದರಿಂದಲೇ. ಈ ಮಾತ್ರೆಯ ಅರ್ಧಾಯುಷ್ಯ ಸುಮಾರು 30 ಗಂಟೆ, ಹಾಗಾಗಿ ರಕ್ತದಲ್ಲಿ ಮಟ್ಟ ಸ್ಥಿರವಾಗಲು ಒಂದು ವಾರ ಬೇಕು. ಉಳಿದ ವಾರಗಳಿಗೆ 'ತುಂಬಿಕೊಳ್ಳುವ' ಕಥೆಯಲ್ಲಿ ಉತ್ತರವಿಲ್ಲ. ಹಳೆಯ ಪಠ್ಯದ ಉತ್ತರವೆಂದರೆ ಸೆರೊಟೋನಿನ್ ನರಕೋಶಗಳ ನೆಲೆಯಾದ ರಾಫೆ ನ್ಯೂಕ್ಲಿಯಸ್‌ನ 5-ಎಚ್‌ಟಿ1ಎ ಸ್ವಗ್ರಾಹಕಗಳು. ಸೆರೊಟೋನಿನ್ ಹೆಚ್ಚಾದೊಡನೆ ಅವು ನರಕೋಶದ ಮಿಡಿತಕ್ಕೆ ಕಡಿವಾಣ ಹಾಕುತ್ತವೆ, ಎರಡು ಮೂರು ವಾರಗಳಲ್ಲಿ ಮೊಂಡಾಗುತ್ತವೆ. ಇದು ಸರಿಯೇ. ಆದರೆ ಅವನ್ನು ಮೊದಲೇ ತಡೆಯಲೆಂದು ಪಿಂಡೊಲಾಲ್ ಜೊತೆಗೆ ಕೊಟ್ಟ ಪ್ರಯೋಗಗಳಲ್ಲಿ ಕೆಲವರಿಗೆ ಗುಣ ಸ್ವಲ್ಪ ಬೇಗ ಕಂಡಿತೇ ಹೊರತು ವಿಳಂಬ ಮಾಯವಾಗಲಿಲ್ಲ.

ನಾನು ಆಕೆಗೆ ಇಷ್ಟೆಲ್ಲ ಹೇಳಲಿಲ್ಲ. "ಈ ಹದಿನೈದು ದಿನ ಏನು ಮಾಡ್ತಿದ್ರಿ?" ಎಂದು ಕೇಳಿದೆ.

"ಡಾಕ್ಟ್ರು ಕಾಯೋಕೆ ಹೇಳಿದ್ರಲ್ಲ. ಒಳಕೋಣೆಲಿ ಮಲ್ಕೊಂಡಿದ್ದೆ. ಹೊಲಿಯೋ ಬಟ್ಟೆ ಎಲ್ಲ ವಾಪಸ್ ಕೊಟ್ಟುಬಿಟ್ಟೆ."

ನಮ್ಮ ಸಲಹೆಯನ್ನು ಆಕೆ ಚಾಚೂ ತಪ್ಪದೆ ಪಾಲಿಸಿದ್ದರು.

ಆಗ ಆಕೆಯದೇ ಕಸುಬಿನ ಮಾತಿಗೆ ಬಂದೆ. ಮಾತ್ರೆ ಮಾಡುವ ಕೆಲಸ ಹೊಲಿಗೆ ಬಿಚ್ಚಿದ ಹಾಗೆ. ಇಷ್ಟು ತಿಂಗಳು ಮನಸ್ಸು ಒಂದೇ ಅಳತೆಗೆ ಬಿಗಿಯಾಗಿ ಹೊಲಿದುಕೊಂಡುಬಿಟ್ಟಿದೆ. ಮಾತ್ರೆ ಆ ಬಿಗಿ ಸಡಿಲಿಸುತ್ತದೆ ಎಂದೆ. ಆಕೆ ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಬಿಚ್ಚಿದ ಮಾತ್ರಕ್ಕೆ ಅಳತೆ ಸರಿಹೋಗಲ್ಲ ಮೇಡಂ. ಮೈಮೇಲಿಟ್ಟು ನೋಡಿ ಮತ್ತೆ ಹೊಲೀಬೇಕು."

ನರಸಂಪರ್ಕಗಳ ಮಾರ್ಪಾಡಿನ ಸಿದ್ಧಾಂತ, ಅಂದರೆ ನ್ಯೂರೋಪ್ಲಾಸ್ಟಿಸಿಟಿ, ಹೇಳುವುದೂ ಇದನ್ನೇ. ಹೆಲ್ಸಿಂಕಿಯ ಈರೊ ಕಾಸ್ಟ್ರೆನ್ ಗುಂಪು 2011ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗವನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಒಂದು ಶಬ್ದ ಕೇಳಿದರೆ ಹೆದರುವುದನ್ನು ಇಲಿಗಳಿಗೆ ಕಲಿಸಿದರು. ಇದೇ ಬಗೆಯ ಇನ್ನೊಂದು ಔಷಧವಾದ ಫ್ಲೂಆಕ್ಸೆಟಿನ್ ಒಂದನ್ನೇ ಕೊಟ್ಟ ಇಲಿಗಳ ಭಯ ಅಳಿಯಲಿಲ್ಲ. ಬರೀ ಭಯನಿವಾರಣೆಯ ತರಬೇತಿ ಪಡೆದವುಗಳಲ್ಲಿ ಭಯ ಇಳಿದು ಮತ್ತೆ ಮರುಕಳಿಸಿತು. ಎರಡೂ ಸಿಕ್ಕ ಇಲಿಗಳಲ್ಲಿ ಮಾತ್ರ ಬಾಳಿಕೆಯ ಬದಲಾವಣೆ ಆಯಿತು. ನರಸಂಪರ್ಕಗಳ ಬೆಳವಣಿಗೆಗೆ ನೆರವಾಗುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಕಡಿಮೆ ಇರುವ ತಳಿಯಲ್ಲಿ ಈ ಜೋಡಿಯೂ ಫಲಿಸಲಿಲ್ಲ. ಮೂರು ವರ್ಷ ಮೊದಲು, 2008ರಲ್ಲಿ, ಇದೇ ಔಷಧ ಬೆಳೆದ ಹೆಗ್ಗಣಗಳ ದೃಷ್ಟಿ ಕಾರ್ಟೆಕ್ಸ್‌ನಲ್ಲಿ ಪ್ರತಿಬಂಧವನ್ನು ತಗ್ಗಿಸಿ, ಎಳೆಯ ವಯಸ್ಸಿನ ಮಾರ್ಪಾಡುಶಕ್ತಿಯನ್ನು ಮರಳಿ ತಂದದ್ದು ಕಂಡಿತ್ತು. ಅಲ್ಲಿಯೂ ಮಂದಗಣ್ಣು ಸುಧಾರಿಸಿದ್ದು ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿ, ಮಂದಗಣ್ಣಿಗೆ ನೋಡುವ ಕೆಲಸ ಕೊಟ್ಟಾಗ.

ವಿಳಂಬಕ್ಕೆ ಅಣುಮಟ್ಟದ ಒಂದು ಸುಳಿವೂ ಇದೆ. 2021ರಲ್ಲಿ ಇದೇ ಗುಂಪು, ಖಿನ್ನತೆಯ ಔಷಧಗಳು ಬಿಡಿಎನ್‌ಎಫ್ ಗ್ರಾಹಕವಾದ ಟ್ರ್ಯಾಕ್-ಬಿಯ ಪೊರೆಯೊಳಗಿನ ಭಾಗಕ್ಕೆ ನೇರವಾಗಿ ಅಂಟುತ್ತವೆ ಎಂದು ತೋರಿಸಿತು. ಸಾಗಣೆ ಪ್ರೋಟೀನಿಗೆ ಹೋಲಿಸಿದರೆ ಈ ಅಂಟು ಬಹಳ ದುರ್ಬಲ. ಹಾಗಾಗಿ ಔಷಧ ಮೆದುಳಿನಲ್ಲಿ ಸಾಕಷ್ಟು ಶೇಖರವಾಗಬೇಕು. ಅದಾದ ಮೇಲೂ ಹೊಸ ಸಂಪರ್ಕಗಳು ಬೆಳೆಯಬೇಕು, ಬಳಕೆಯಾದವು ಗಟ್ಟಿಯಾಗಬೇಕು, ಬೇಡದವು ಉದುರಬೇಕು. ಇದು ಒಂದೆರಡು ದಿನದ ಕೆಲಸವಲ್ಲ.

"ಇಲಿಯ ಕಣ್ಣಿನ ಕಥೆಯನ್ನು ಖಿನ್ನತೆಯ ರೋಗಿಗೆ ಮಾರುತ್ತೀರಿ" ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕೆಣಕುತ್ತಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಮನುಷ್ಯರಲ್ಲಿ ಪುರಾವೆ ತೆಳು. 2023ರಲ್ಲಿ ಕೋಪನ್‌ಹೇಗನ್‌ನಲ್ಲಿ ಆರೋಗ್ಯವಂತರಿಗೆ ಮೂರರಿಂದ ಐದು ವಾರ ಎಸ್ಸಿಟಲೋಪ್ರಾಮ್ ಕೊಟ್ಟು, ನರಸಂಪರ್ಕಗಳ ಸಾಂದ್ರತೆಯನ್ನು ಪೆಟ್ ಸ್ಕ್ಯಾನಿನಲ್ಲಿ ಅಳೆದರು. ಮಾತ್ರೆ ತಿಂದವರಿಗೂ ಪ್ಲಸೀಬೊ ತಿಂದವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ದಿನ ಕಳೆದಂತೆ ಸಾಂದ್ರತೆ ಏರುವ ಒಲವು ಮಾತ್ರ ಮಾತ್ರೆ ತಿಂದವರಲ್ಲಿ ಕಂಡಿತು. ಇನ್ನು ವಯಸ್ಕ ಮನುಷ್ಯರ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟುತ್ತದೆಯೇ ಎಂಬುದೇ 2018ರಿಂದ ದೊಡ್ಡ ಜಗಳವಾಗಿದೆ. ಆದ್ದರಿಂದ "ಮಾತ್ರೆ ಹೊಸ ನರಕೋಶ ಹುಟ್ಟಿಸುತ್ತೆ" ಎಂದು ರೋಗಿಗೆ ಹೇಳಬೇಡಿ. ಸೆರೊಟೋನಿನ್ ಕಟ್ಟುಕಥೆಯ ಜಾಗಕ್ಕೆ ಇನ್ನೊಂದು ಕಟ್ಟುಕಥೆ ಬಂದಂತಾಗುತ್ತದೆ. ನನ್ನ ಸಮರ್ಥನೆ ಇಷ್ಟೇ: ನಾನು ಆಕೆಗೆ ಹೇಳಿದ್ದು ಹೋಲಿಕೆ, ಕೊಟ್ಟದ್ದು ಚಟುವಟಿಕೆ. ಚಟುವಟಿಕೆಯಿಂದ ಖಿನ್ನತೆ ಇಳಿಯುತ್ತದೆ ಎನ್ನುವುದಕ್ಕೆ ಇಲಿಗಳ ಸಾಕ್ಷಿ ಬೇಕಿಲ್ಲ.

ಅವತ್ತೇ ಪಿಎಚ್‌ಕ್ಯೂ-9 ಮತ್ತೆ ತುಂಬಿಸಿದೆವು. ಆಕೆ "ಏನೂ ಆಗಿಲ್ಲ" ಎನ್ನುತ್ತಿದ್ದರೂ ಅಂಕ 15 ಇತ್ತು. ನಿದ್ದೆ ಸ್ವಲ್ಪ ಸುಧಾರಿಸಿತ್ತು. ಪಕ್ಕದ ಮನೆಯವರು ನೋಡಿಯೂ ನಗದೆ ಹೋದಾಗ "ನನ್ನ ಮೇಲೆ ಕೋಪ ಇರಬೇಕು ಅನ್ನಿಸಲಿಲ್ಲ, ಏನೋ ಅವಸರ ಇರಬೇಕು ಅನ್ನಿಸ್ತು" ಎಂದೂ ಮಾತಿನ ನಡುವೆ ಹೇಳಿಹೋದರು. ಆಕ್ಸ್‌ಫರ್ಡ್‌ನ ಕ್ಯಾಥರಿನ್ ಹಾರ್ಮರ್ ಅವರ ಕೆಲಸ ಗೊತ್ತಿರುವವರಿಗೆ ಈ ಮಾತು ಚಿನ್ನ: ಭಾವನೆಗಳನ್ನು ಗ್ರಹಿಸುವ ಒಲವು ಮೊದಲ ದಿನಗಳಲ್ಲೇ ಬದಲಾಗಬಹುದು, ಮನಸ್ಸು ಹಗುರಾಗುವುದು ಆ ಬದಲಾದ ಗ್ರಹಿಕೆಯಿಂದ ದಿನವೂ ಜನರನ್ನು ಎದುರಿಸುತ್ತ ಹೋದ ಮೇಲೆ. ಒಳಕೋಣೆಯಲ್ಲಿ ಎದುರಿಸಲು ಯಾರಿದ್ದರು? ಅಂಕದಲ್ಲಿ ಐದರ ಒಂದು ಭಾಗ ಇಳಿದಿದೆ ಎಂದರೆ ಅದೇ ಮಾತ್ರೆಯಲ್ಲಿ ಮುಂದುವರಿಯಲು ಕಾರಣವಿದೆ. ಎರಡು ವಾರದ ಹೊತ್ತಿಗೆ ಅಷ್ಟೂ ಇಳಿಯದಿದ್ದರೆ ಪೂರ್ತಿ ಗುಣ ಸಿಗುವ ಸಾಧ್ಯತೆ ಕಡಿಮೆ. ಪ್ರಮಾಣ ಸಾಕೇ, ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೇ ಎಂದು ಆಗಲೇ ವಿಚಾರಿಸಬೇಕು. ತಳಮಳ, ನಿದ್ದೆಗೇಡು, ಸಾವಿನ ಯೋಚನೆ ಈ ವಾರಗಳಲ್ಲೇ ಹೆಚ್ಚಾಗಬಹುದು, ಮುಖ್ಯವಾಗಿ ಇಪ್ಪತ್ತೈದರೊಳಗಿನವರಲ್ಲಿ. ಕಾಯಲು ಹೇಳಿ ಕಳಿಸಿದರೆ ಅದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕೊಟ್ಟ ಸಲಹೆ ಚಿಕ್ಕದು. ಮಾತ್ರೆ 10ರಲ್ಲೇ ಇರಲಿ. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟು ಮೆಷಿನ್ ಮುಂದೆ ಇಪ್ಪತ್ತು ನಿಮಿಷ. ಬ್ಲೌಸ್ ಬೇಡ, ಸೀರೆಗೆ ಫಾಲ್ ಹಚ್ಚುವುದು ಸಾಕು. ಹಚ್ಚಿದ್ದನ್ನು ಮಗಳ ಕೈಲಿ ಕಳಿಸದೆ ತಾವೇ ಹೋಗಿ ಕೊಡಬೇಕು. ಮನಸ್ಸು ಬಂದಾಗ ಮಾಡುವುದಲ್ಲ, ಗಂಟೆ ನೋಡಿ ಮಾಡುವುದು. ವಾರಕ್ಕೊಮ್ಮೆ ಫೋನ್.

ಮೂರನೇ ವಾರ ನಾಲ್ಕು ದಿನ ತಪ್ಪಿಸಿದರು. ಆರನೇ ವಾರ ಅಂಕ 8.

ಇದರಲ್ಲಿ ಮಾತ್ರೆಯ ಪಾಲೆಷ್ಟು, ಫಾಲಿನ ಪಾಲೆಷ್ಟು ಎಂದು ಪಿಜಿ ಕೇಳಿದ. ಒಬ್ಬರ ಪ್ರಕರಣದಲ್ಲಿ ಅದನ್ನು ಬಿಡಿಸಿ ಹೇಳಲು ಬರುವುದಿಲ್ಲ, ತಾನಾಗಿ ಇಳಿದದ್ದೂ ಇರಬಹುದು ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ಕೆಟಮೀನ್ ಗಂಟೆಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಪಟ್ಟು ಹಿಡಿದ. 2019ರ ಇಲಿ ಅಧ್ಯಯನ ತೋರಿಸಿದೆ: ಕೆಟಮೀನ್ ಕೊಟ್ಟ ಮೂರು ಗಂಟೆಗೇ ನಡವಳಿಕೆ ಸುಧಾರಿಸಿತು, ಸಂಪರ್ಕ ಕೂಡುವ ಜಾಗಗಳಾದ ನರಕೋಶದ ಹೊಸ ಮುಳ್ಳುಗಳು ಮೂಡಿದ್ದು ಅದಾದ ಮೇಲೆ, ಆ ಮುಳ್ಳುಗಳನ್ನು ಅಳಿಸಿದಾಗ ಸುಧಾರಣೆ ಉಳಿಯಲಿಲ್ಲ. ಸಂಪರ್ಕಗಳು ಬೇಕಾದದ್ದು ಮೊದಲ ನೆಮ್ಮದಿಗಲ್ಲ, ಅದು ಉಳಿಯುವುದಕ್ಕೆ. ನಮ್ಮಾಕೆಗೂ ಮಾತ್ರೆಯನ್ನು ಇನ್ನು ಆರು ತಿಂಗಳಾದರೂ ಬಿಡಬೇಡಿ ಎಂದದ್ದು ಅದಕ್ಕೇ. ಆಕೆ ಈಗ ಅದಕ್ಕೂ "ಯಾಕೆ?" ಎಂದು ಕೇಳುತ್ತಿದ್ದಾರೆ. ಈ ಸಲ ಉತ್ತರ ಹೇಳುವ ಸರದಿ ಪಿಜಿಯದು.