ಡಬಲ್ ಟೋನ್ಡ್ ಹಾಲಿನಲ್ಲಿ ನೀರು ಬಿಟ್ಟರೆ ಏನದ?

ಪ್ರಶ್ನೆ: ನಮ್ಮ ಮನೆಗೆ ಮೊದಲಿನಿಂದಲೂ ಗೌಳಿ ಎಮ್ಮೆ ಹಾಲು ತಂದುಕೊಡುತ್ತಾರೆ. ಯಜಮಾನರಿಗೆ ಕೊಲೆಸ್ಟ್ರಾಲ್ ಜಾಸ್ತಿ ಬಂದಿದ್ದಕ್ಕೆ ಡಾಕ್ಟರ್ ಡಬಲ್ ಟೋನ್ಡ್ ಹಾಲು ಕುಡಿಯಲು ಹೇಳಿದರು. ಅವರು ದಿನಾ ಎರಡು ಗ್ಲಾಸ್ ಹಾಲು ಕುಡಿಯುತ್ತಾರೆ. ಅತ್ತೆಯವರು ಮಾತ್ರ "ಅದರಾಗ ನೀರು ಬಿಟ್ಟರೆ ಏನದ? ಶಕ್ತಿ ಎಲ್ಲಾ ಹೋಗ್ತದ" ಅನ್ನುತ್ತಾರೆ. ಪ್ರೋಟೀನ್ ನಿಜವಾಗಿಯೂ ಕಡಿಮೆಯಾಗುತ್ತಾ?
— ಓದುಗರು, ಕಲಬುರಗಿ

ಉತ್ತರ: ಕಡಿಮೆಯಾಗುವುದು ಕೊಬ್ಬು. ಪ್ರೋಟೀನ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ.

ನಿಮ್ಮ ಅತ್ತೆಯವರಿಗೆ ಒಂದು ವಿಷಯ ಹೇಳಿ, ಅವರಿಗೆ ಇಷ್ಟವಾಗಬಹುದು. ಟೋನ್ಡ್ ಹಾಲು ಹುಟ್ಟಿದ್ದೇ ಎಮ್ಮೆ ಹಾಲಿನಿಂದ. 1946ರಲ್ಲಿ ಮುಂಬೈಯಲ್ಲಿ ದಾರಾ ಖುರೋಡಿ ಎನ್ನುವವರು ದಪ್ಪ ಎಮ್ಮೆ ಹಾಲಿಗೆ ನೀರು ಸೇರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಅತ್ತೆಯವರ ಮಾತೇ ನಿಜವಾಗುತ್ತಿತ್ತು. ಆದರೆ ಜೊತೆಗೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ಕಲಸಿದರು. ನೀರಿನಿಂದ ಕಡಿಮೆಯಾದ ಪ್ರೋಟೀನನ್ನು ಆ ಪುಡಿ ತುಂಬಿಕೊಟ್ಟಿತು. ಈಗಲೂ ಪ್ಯಾಕೆಟ್ ಹಾಲಿಗೆ ಕಾನೂನು ಇದನ್ನೇ ಕೇಳುತ್ತದೆ. ಡಬಲ್ ಟೋನ್ಡ್ ಹಾಲಿನಲ್ಲಿ ಕೊಬ್ಬು 1.5% ಇದ್ದರೆ ಸಾಕು, ಆದರೆ ಕೊಬ್ಬು ಬಿಟ್ಟು ಉಳಿದ ಘನಾಂಶ ಕನಿಷ್ಠ 9% ಇರಲೇಬೇಕು. ಫುಲ್ ಕ್ರೀಮ್ ಹಾಲಿಗೂ ಅದೇ 9%. ಪ್ರೋಟೀನ್ ಇರುವುದು ಈ ಘನಾಂಶದಲ್ಲೇ, ಅದರ ಸುಮಾರು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ.

200 ಮಿಲಿ ಗ್ಲಾಸಿನ ಲೆಕ್ಕ ಹಿಡಿಯೋಣ. ಡಬಲ್ ಟೋನ್ಡ್‌ನಲ್ಲಿ ಪ್ರೋಟೀನ್ ಸುಮಾರು 6.5 ಗ್ರಾಂ, ಕೊಬ್ಬು 3 ಗ್ರಾಂ. ಟೋನ್ಡ್‌ನಲ್ಲಿ ಎರಡೂ 6 ಗ್ರಾಂ ಆಸುಪಾಸು. ಫುಲ್ ಕ್ರೀಮ್‌ನಲ್ಲಿ ಪ್ರೋಟೀನ್ ಮತ್ತೆ 6.5, ಕೊಬ್ಬು ಮಾತ್ರ 12. ನೀರು ಬೆರೆಸದ ಎಮ್ಮೆ ಹಾಲಿನಲ್ಲಿ ಪ್ರೋಟೀನ್ 7.5, ಕೊಬ್ಬು 14 ಗ್ರಾಂ. ಎಮ್ಮೆ, ಮೇವು, ಕರು ಹಾಕಿ ಎಷ್ಟು ದಿನವಾಯಿತು ಎನ್ನುವುದರ ಮೇಲೆ ಇದು ಸ್ವಲ್ಪ ಅತ್ತಿತ್ತ ಆಗುತ್ತದೆ.

ಅಂದ ಹಾಗೆ, ನಿಮ್ಮ ಗ್ಲಾಸ್ 200 ಮಿಲಿ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಅರ್ಧ ಲೀಟರ್ ಪ್ಯಾಕೆಟ್ ಒಡೆದು ಸುರಿಯಿರಿ. ನಮ್ಮ ಮನೆಯ ಸ್ಟೀಲ್ ಲೋಟ ಸರಿಯಾಗಿ ಮೂರು ತುಂಬುತ್ತದೆ, ಅಂದರೆ ಒಂದಕ್ಕೆ ಸುಮಾರು 167 ಮಿಲಿ. ಹಾಗಿದ್ದರೆ ಮೇಲಿನ ಲೆಕ್ಕವನ್ನು ಅಷ್ಟೇ ಇಳಿಸಿಕೊಳ್ಳಬೇಕು.

ಈಗ ಯಜಮಾನರ ಎರಡು ಗ್ಲಾಸ್. ಎಮ್ಮೆ ಹಾಲಾದರೆ ದಿನಕ್ಕೆ 28 ಗ್ರಾಂ ಕೊಬ್ಬು, ಡಬಲ್ ಟೋನ್ಡ್ ಆದರೆ 6. ಅಂದರೆ 22 ಗ್ರಾಂ ಉಳಿತಾಯ, ಸುಮಾರು 200 ಕ್ಯಾಲೊರಿ. ಹಾಲಿನ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಜಾತಿಯದು. ಡಾಕ್ಟರ್ ನೋಡಿದ್ದು ಇದನ್ನೇ. ಪ್ರೋಟೀನ್ ಕಳೆದುಕೊಂಡಿದ್ದು ಬರೀ 2 ಗ್ರಾಂ. ಸಾರಿಗೆ ಒಂದು ಚಮಚ ತೊಗರಿ ಬೇಳೆ ಜಾಸ್ತಿ ಹಾಕಿದರೆ ಅದು ವಾಪಸ್ ಬಂತು.

ಇನ್ನೊಂದು ಮಾತು ಗೌಳಿ ತರುವ ಹಾಲಿನದು. ನಿಮ್ಮ ಗೌಳಿಯನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಮೂರು ಪಾಲು ಹಾಲಿಗೆ ಒಂದು ಪಾಲು ನೀರು ಬಿದ್ದಿದೆ ಅಂದುಕೊಳ್ಳಿ. ಇಲ್ಲಿ ಪುಡಿ ಯಾರೂ ಸೇರಿಸುವುದಿಲ್ಲ ಅಲ್ವಾ? 7.5 ಗ್ರಾಂ ಪ್ರೋಟೀನ್ 5.6ಕ್ಕೆ ಇಳಿಯುತ್ತದೆ. ಡಬಲ್ ಟೋನ್ಡ್‌ಗಿಂತ ಕಡಿಮೆ! ಕೊಬ್ಬು ಮಾತ್ರ ಇನ್ನೂ 10 ಗ್ರಾಂ ದಾಟಿಯೇ ಇರುತ್ತದೆ, ಕೆನೆಯೂ ಚೆನ್ನಾಗಿಯೇ ಕಟ್ಟುತ್ತದೆ. ಹಾಗಾಗಿ ಕೆನೆ ನೋಡಿ ಹಾಲಿನ ಶಕ್ತಿ ಅಳೆಯಬೇಡಿ.

ಲ್ಯಾಕ್ಟೋಮೀಟರ್ ಒಂದನ್ನೇ ನಂಬಲೂ ಆಗುವುದಿಲ್ಲ. ನೀರು ಹಾಕಿದರೆ ಅದರ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವರ ಹಾಲು ಸರಿಯಾಗಿಯೇ ತೋರಿಸುತ್ತದೆ. ಪರಿಚಯದ ಹಾಲಿನ ಡೇರಿ ಇದ್ದರೆ ಬೆಳಿಗ್ಗೆ ಒಂದು ಲೋಟ ಹಾಲು ಒಯ್ದು ಯಂತ್ರದಲ್ಲಿ ಹಾಕಿಸಿ. ಕೊಬ್ಬು ಮತ್ತು ಎಸ್‌ಎನ್‌ಎಫ್ ಅಂತ ಎರಡು ಅಂಕಿ ಬರುತ್ತವೆ. ಎಸ್‌ಎನ್‌ಎಫ್ ಅಂದರೆ ಆಗಲೇ ಹೇಳಿದ ಘನಾಂಶ. ಎಮ್ಮೆ ಹಾಲಿನಲ್ಲಿ ಅದು 9ರ ಕೆಳಗೆ ಬಂದರೆ ಗೌಳಿಯ ಜೊತೆ ಮಾತಾಡಬೇಕು.

ಕಾಯಿಸಿ ಕೆನೆ ತೆಗೆದು ಕೊಟ್ಟರೆ ಆಗಲ್ವಾ ಅಂತ ಅತ್ತೆಯವರು ಕೇಳಬಹುದು. ಒಂದು ಲೀಟರ್ ಎಮ್ಮೆ ಹಾಲಿನಲ್ಲಿ 70 ಗ್ರಾಂ ಕೊಬ್ಬು ಇದೆ ಅನ್ನಿ. 50 ಗ್ರಾಂ ಕೆನೆ ತೆಗೆದಿರಿ, ಅದರಲ್ಲಿ ಅರ್ಧ ಕೊಬ್ಬು ಅಂತ ಹಿಡಿದರೂ ಹೋಗಿದ್ದು 25. ಉಳಿದ ಹಾಲು ಟೋನ್ಡ್‌ಗಿಂತಲೂ ಜಿಡ್ಡು. ಯಜಮಾನರ ಗ್ಲಾಸಿಗೆ ಪ್ಯಾಕೆಟ್ಟೇ ಇರಲಿ. ಅತ್ತೆಯವರ ಚಹಾಕ್ಕೆ ಎಮ್ಮೆ ಹಾಲು ಬರುತ್ತಿರಲಿ, ಒಂದು ಕಪ್ಪಿಗೆ ಬೀಳುವುದು 50 ಮಿಲಿ ಅಷ್ಟೇ.