ಪಟ್ಟಿಯ ಅಂಕಿಯನ್ನು ಚಮಚಕ್ಕೆ ಇಳಿಸುವುದು

"ಗದಗ ಹತ್ರ ಹಳ್ಳಿ ಸಾಲಿ, ಆರನೇತ್ತಾ. ಬಿಸ್ಕೀಟ್ ಪ್ಯಾಕೆಟ್ ಹಿಂದಿನ ಪಟ್ಟಿ ಓದಿಸಿದೆ, ಹುಡುಗರಿಗೆ ಅಂಕಿ ತಿಳಿಲಿಲ್ಲ. ಹೆಂಗ ಕಲಿಸ್ಲಿ?"

ಸರ್, ಮೊದಲು ನಿವ್ವಳ ತೂಕ ಹುಡುಕಿಸ್ರಿ. ಹುಡುಗರು ಎಡವೋದು ಅಲ್ಲೇ: ಪಟ್ಟಿ 100 ಗ್ರಾಂ ಲೆಕ್ಕದ್ದು, ಕೈಯಾಗಿನ ಪ್ಯಾಕೆಟ್ 60 ಗ್ರಾಂದು. 100 ಗ್ರಾಂನಲ್ಲಿ ಸಕ್ಕರೆ 25 ಗ್ರಾಂ ಅಂತಿದ್ದರೆ, ಈ ಪ್ಯಾಕೆಟ್‌ನಲ್ಲಿ 15 ಗ್ರಾಂ. ಒಂದು ಮಟ್ಟಸ ಚಹಾ ಚಮಚಕ್ಕೆ ಸುಮಾರು 4 ಗ್ರಾಂ ಹಿಡೀತದ, ಅಂದ್ರೆ ನಾಲ್ಕು ಚಮಚಕ್ಕೆ ತುಸು ಕಮ್ಮಿ. ಅಷ್ಟು ಸಕ್ಕರೆಯನ್ನ ಹುಡುಗರ ಕೈಯಿಂದಲೇ ಹಾಳೆ ಮ್ಯಾಲೆ ಹಾಕಿಸ್ರಿ. ಆ ಗುಡ್ಡೆ ಕಂಡ ಮ್ಯಾಲೆ ಅಂಕಿ ಮರೆಯಂಗಿಲ್ಲ. ಇನ್ನೊಂದು, ಕೆಲವರು ಕಾರ್ಬೋಹೈಡ್ರೇಟ್ ಸಾಲನ್ನೇ ಸಕ್ಕರೆ ಅಂತ ಓದ್ತಾರ. ಸಕ್ಕರೆ ಅದರ ಕೆಳಗಿನ ಸಾಲು.

ಪಟ್ಟಿ ಆದ ಮ್ಯಾಲೆ, ಊಟದ ತಟ್ಟೆಯಾಗ ಯಾವುದು ಎಷ್ಟಿರಬೇಕು ಅನ್ನೋದನ್ನೂ ಹಿಂಗೇ ಕಣ್ಣಿಗೆ ಕಾಣಂಗ ಕಲಿಸ್ರಿ. ತಟ್ಟೆ ಅಂತ ನೆಲದ ಮ್ಯಾಲೆ ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೀರಿ. ಅರ್ಧ ಭಾಗ ಮೆಂತ್ಯ ಸೊಪ್ಪು, ಸೌತೀಕಾಯಿ, ಗಜ್ಜರಿ, ಪೇರಲ ಹಣ್ಣಿಗೆ. ಕಾಲು ಭಾಗ ಜೋಳದ ರೊಟ್ಟಿಗೆ. ಉಳಿದ ಕಾಲು ಹೆಸರುಕಾಳು ಪಲ್ಯಕ್ಕೆ. ಬದಿಗೆ ಒಂದು ವಾಟಗ ಮಜ್ಜಿಗೆ. ಬಟಾಟಿ ಪಲ್ಯವನ್ನ ಹುಡುಗರು ಕಾಯಿಪಲ್ಯದ ಅರ್ಧದಾಗ ಇಡ್ತಾರ. ಅದರಾಗ ಪಿಷ್ಟ ಹೆಚ್ಚು, ರೊಟ್ಟಿ ಪಾಲಿಗೇ ಸೇರಿಸ್ರಿ.