ಜಿಪಿಎ ಕೈಯಲ್ಲಿದ್ದರೆ ಸೈಟು ಕೈಗೆ ಬಂದಂತೆಯೇ?

ಓದುಗರ ಪತ್ರ: ಬೆಂಗಳೂರಿನ ಅಂಚಿನಲ್ಲಿ 30-40ರ ಒಂದು ಸೈಟು ನೋಡಿದ್ದೇವೆ. ಮಾರುವವರ ಹೆಸರಿಗೆ ಕ್ರಯಪತ್ರ ಇಲ್ಲ. 1994ರಲ್ಲಿ ಮಾಲೀಕರಿಂದ ಮಾಡಿಸಿಕೊಂಡ ಜಿಪಿಎ ಮತ್ತು ಅಗ್ರಿಮೆಂಟ್ ಇದೆ. ಆ ಮಾಲೀಕರು ಈಗ ಇಲ್ಲ. 'ಪೂರ್ತಿ ಹಣ ಕೊಟ್ಟಿದ್ದೇವೆ, ರದ್ದು ಮಾಡುವಂತಿಲ್ಲ ಎಂದೇ ಬರೆದಿದೆ, ನಾವೇ ನಿಮಗೆ ರಿಜಿಸ್ಟರ್ ಮಾಡಿಕೊಡುತ್ತೇವೆ' ಅನ್ನುತ್ತಾರೆ. ನಂಬಬಹುದಾ?

ಸಂಪಾದಕರ ಉತ್ತರ:

ಸದ್ಯಕ್ಕೆ ಅಡ್ವಾನ್ಸ್ ಕೊಡಬೇಡಿ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ಜಿಪಿಎಯ ಪೂರ್ತಿ ಹೆಸರು ಜನರಲ್ ಪವರ್ ಆಫ್ ಅಟಾರ್ನಿ. ಪವರ್ ಆಫ್ ಅಟಾರ್ನಿ ಅಂದರೆ 'ನನ್ನ ಪರವಾಗಿ ಈ ಕೆಲಸ ನೀನು ಮಾಡು' ಎಂದು ಬರೆದುಕೊಟ್ಟ ಕಾಗದ, ಅಷ್ಟೇ. ಅಟಾರ್ನಿ ಅಂದಾಕ್ಷಣ ವಕೀಲರು ಅಂದುಕೊಳ್ಳುವವರಿದ್ದಾರೆ. ಇಲ್ಲಿ ಹಾಗಲ್ಲ. ಅಮೆರಿಕದಲ್ಲಿರುವ ಮಗ ಊರಲ್ಲಿರುವ ಅಪ್ಪನಿಗೆ ಕೊಟ್ಟರೆ ಅಪ್ಪನೇ ಅಟಾರ್ನಿ. ನಮ್ಮ ಹಿರಿಯರು ಇದನ್ನು ಮುಖ್ತ್ಯಾರನಾಮೆ ಅನ್ನುತ್ತಿದ್ದರು. ಒಂದೇ ಕೆಲಸಕ್ಕೆ ಕೊಟ್ಟರೆ ಎಸ್‌ಪಿಎ, ಹಲವು ಕೆಲಸಗಳಿಗೆ ಕೊಟ್ಟರೆ ಜಿಪಿಎ. ಯಾವುದೇ ಆದರೂ ಕೊಟ್ಟವರು ಮಾಲೀಕರಾಗಿಯೇ ಉಳಿಯುತ್ತಾರೆ. ತೆಗೆದುಕೊಂಡವರು ಅವರ ಕೈ ಮಾತ್ರ. ಜಿಪಿಎ ಮೇಲೆ ಮಾಡಿದ ಒಂದು ಕ್ರಯಪತ್ರದ ಮೊದಲ ಪುಟ ತೆಗೆದು ನೋಡಿ. ಮಾರುವವರ ಜಾಗದಲ್ಲಿ ಮಾಲೀಕರ ಹೆಸರೇ ಇರುತ್ತದೆ, ಅದರ ಕೆಳಗೆ 'ಇವರ ಪರವಾಗಿ ಜಿಪಿಎ ಹೋಲ್ಡರ್ ಆದ ಇಂಥವರು' ಎಂದು. ಮಾರುತ್ತಿರುವವರು ಯಾರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಜಿಪಿಎ ಮೇಲೆ ಸೈಟು 'ಕೊಳ್ಳುವುದು' ಎಲ್ಲಿಂದ ಬಂತು? ಕ್ರಯಪತ್ರ ಮಾಡಲು ಅಡ್ಡಿ ಇದ್ದ ಕಡೆಯಿಂದ. ಬಿಡಿಎ ಸೈಟು ಹಂಚಿಕೆಯಾದವರು ಲೀಸ್-ಕಮ್-ಸೇಲ್ ಅವಧಿಯ 10 ವರ್ಷ ಅದನ್ನು ಮಾರುವಂತಿರಲಿಲ್ಲ. ಬೇಸಾಯದ ಜಮೀನಿನಲ್ಲಿ ಗೀಟು ಹಾಕಿ ಮಾಡಿದ ರೆವಿನ್ಯೂ ಸೈಟುಗಳಿಗೆ ರಿಜಿಸ್ಟ್ರೇಷನ್ ಸಿಗುವುದು ಕಷ್ಟವಾಗಿತ್ತು. ಸ್ಟ್ಯಾಂಪ್ ಡ್ಯೂಟಿ ಉಳಿಸುವ ಆಸೆ ಬೇರೆ. ಹಾಗಾಗಿ ಒಂದು ಅಗ್ರಿಮೆಂಟ್, ಒಂದು ಜಿಪಿಎ, ಕೆಲವೊಮ್ಮೆ ಜೊತೆಗೊಂದು ವಿಲ್ಲು. ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರೆ ವ್ಯಾಪಾರ ಮುಗಿಯಿತು. ನೀವು ನೋಡಿರುವುದೂ ಅಂಥದ್ದೇ ಒಂದು ಕವರು.

2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಈ ಪದ್ಧತಿಗೆ ತೆರೆ ಎಳೆಯಿತು. ಇಂಥ ಕಾಗದಗಳಿಂದ ಮಾಲೀಕತ್ವ ವರ್ಗ ಆಗುವುದಿಲ್ಲ, ರಿಜಿಸ್ಟರ್ ಆದ ಕ್ರಯಪತ್ರವೇ ಬೇಕು ಎಂದಿತು. ಜಿಪಿಎಯೇ ತಪ್ಪು ಅಂತ ಹೇಳಲಿಲ್ಲ, ಗಮನಿಸಿ. ಗಂಡ-ಹೆಂಡತಿಗೆ, ಮಕ್ಕಳಿಗೆ, ಒಡಹುಟ್ಟಿದವರಿಗೆ ಆಸ್ತಿ ನೋಡಿಕೊಳ್ಳಲು ಅಥವಾ ಕ್ರಯಪತ್ರ ಮಾಡಿಕೊಡಲು ಕೊಡುವ ನಿಜವಾದ ಜಿಪಿಎಗಳಿಗೆ ಅಡ್ಡಿಯಿಲ್ಲ ಎಂದೂ ಹೇಳಿತು.

ಈಗ ನಿಮ್ಮ ಪತ್ರದ ಮುಖ್ಯ ಗಂಟು: ಮಾಲೀಕರು ತೀರಿಹೋಗಿದ್ದಾರೆ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರೆ ಆ ಅಧಿಕಾರವೂ ಮುಗಿಯುತ್ತದೆ. ಸತ್ತವರ ಪರವಾಗಿ ಸಹಿ ಹಾಕುವುದು ಹೇಗೆ, ಅಲ್ವಾ? 'ರದ್ದು ಮಾಡುವಂತಿಲ್ಲ' ಎಂದು ಬರೆದಿದ್ದೇವೆ ಎನ್ನುವವರು ನೆಚ್ಚುವುದು ಮುಂದಿನ 202ನೇ ಕಲಮನ್ನು. ಅದಕ್ಕೆ ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ. ನಾನು ನಿಮ್ಮಿಂದ ಪಡೆದ ಸಾಲ ತೀರಿಸಬೇಕಿದೆ. ನನ್ನ ಜಮೀನನ್ನು ನೀವೇ ಮಾರಿ, ಬಂದ ಹಣದಲ್ಲಿ ನಿಮ್ಮ ಸಾಲ ಮುರಿದುಕೊಳ್ಳಿ ಎಂದು ಅಧಿಕಾರ ಕೊಡುತ್ತೇನೆ. ಇಲ್ಲಿ ನಿಮ್ಮದೇ ಹಿತ ಆ ಆಸ್ತಿಗೆ ಅಂಟಿಕೊಂಡಿದೆ. ಅದಕ್ಕೇ ನಾನು ಸತ್ತರೂ ಅಧಿಕಾರ ಬೀಳುವುದಿಲ್ಲ. ಅಂಥ ಹಿತ ಇಲ್ಲದ ಜಿಪಿಎಗೆ 'ರದ್ದಾಗದ್ದು' ಎಂಬ ಪದ ಸೇರಿಸಿದ ಮಾತ್ರಕ್ಕೆ ಈ ಬಲ ಬರುವುದಿಲ್ಲ.

ಇದು ನಮ್ಮ ಬೆಂಗಳೂರಿನದೇ ಒಂದು ಕೇಸಿನಲ್ಲಿ ತೀರ್ಮಾನವಾಗಿದೆ. ಚುಂಚಘಟ್ಟದ ಒಂದು ಸೈಟು. 1986ರಲ್ಲಿ ಮಾಲೀಕರು ಒಬ್ಬ ಹೆಂಗಸಿಗೆ ಜಿಪಿಎ ಮತ್ತು ರಿಜಿಸ್ಟರ್ ಆಗದ ಅಗ್ರಿಮೆಂಟ್ ಬರೆದುಕೊಟ್ಟರು. 1997ರ ಜನವರಿಯಲ್ಲಿ ಮಾಲೀಕರು ತೀರಿಕೊಂಡರು. 1998ರಲ್ಲಿ ಆಕೆ ಅದೇ ಜಿಪಿಎ ಮೇಲೆ ತನ್ನ ಮಗನಿಗೆ ಕ್ರಯಪತ್ರ ಮಾಡಿಸಿದರು, ಅದು ರಿಜಿಸ್ಟರೂ ಆಯಿತು. 2003ರಲ್ಲಿ ಮಾಲೀಕರ ವಾರಸುದಾರರು ಅದೇ ಸೈಟನ್ನು ಬೇರೆಯವರಿಗೆ ಮಾರಿದರು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಫೆಬ್ರವರಿಯಲ್ಲಿ ತೀರ್ಪು ಬಂತು. ಜಿಪಿಎಯಲ್ಲಿ ಬರೆದಿದ್ದು ಮಾಲೀಕರ ಪರವಾಗಿ ಆಸ್ತಿ ನೋಡಿಕೊಳ್ಳುವ, ಮಾರುವ ಸಾಮಾನ್ಯ ಅಧಿಕಾರವೇ ಹೊರತು ಆಕೆಯ ಹಿತವನ್ನು ಕಾಯುವ ಮಾತಲ್ಲ. ಆದ್ದರಿಂದ ಮಾಲೀಕರ ಸಾವಿನೊಂದಿಗೆ ಅದು ಮುಗಿಯಿತು. 1998ರ ಕ್ರಯಪತ್ರಕ್ಕೆ ಬೆಲೆಯಿಲ್ಲ, ಎಂದು. ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರು ಬಿದ್ದಿದ್ದರೂ ಉಪಯೋಗಕ್ಕೆ ಬರಲಿಲ್ಲ. ನಿಮಗೆ 'ರಿಜಿಸ್ಟರ್ ಮಾಡಿಕೊಡುತ್ತೇವೆ' ಎನ್ನುತ್ತಿರುವವರ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಮಾಲೀಕರು ಬದುಕಿದ್ದರೂ ಜಿಪಿಎಗೆ ಮಿತಿ ಇದ್ದೇ ಇದೆ. ಅದರಲ್ಲಿ ಬರೆದಷ್ಟೇ ಅಧಿಕಾರ. ಬಾಡಿಗೆ ವಸೂಲಿ, ಕಂದಾಯ ಕಟ್ಟುವುದು, ಖಾತೆ ಮಾಡಿಸುವುದು ಎಂದಿದ್ದು ಮಾರಾಟದ ಮಾತೇ ಇಲ್ಲದಿದ್ದರೆ, ಕೊನೆಯಲ್ಲಿ 'ಮತ್ತು ಇತರ ಎಲ್ಲ ಕೆಲಸಗಳು' ಎಂದು ಸೇರಿಸಿದ್ದರಿಂದ ಮಾರುವ ಹಕ್ಕು ಹುಟ್ಟುವುದಿಲ್ಲ. ಮಾರಲು ಕೊಟ್ಟಿದ್ದರೆ ದಾನಪತ್ರ ಮಾಡುವಂತಿಲ್ಲ. ಬಂದ ದುಡ್ಡಿಗೆ ಮಾಲೀಕರಿಗೆ ಲೆಕ್ಕ ಕೊಡಬೇಕು. ಅಧಿಕಾರ ಪತ್ರವನ್ನು ಗಿಳಿಪಾಠದ ಹಾಗೆ ಅಲ್ಲ, ಒಂದೊಂದು ಸಾಲನ್ನೂ ಬೆರಳಿಟ್ಟು ಓದಬೇಕು. ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ಒಬ್ಬರು ಓದದೆ ಸಹಿ ಹಾಕಿದ್ದರು. ಬಾಡಿಗೆ ನೋಡಿಕೊಳ್ಳಲು ಎಂದುಕೊಂಡಿದ್ದ ಕಾಗದದ ಮೂರನೇ ಪುಟದಲ್ಲಿ ಅಡಮಾನದ ಅಧಿಕಾರವೂ ಇತ್ತು. ಸದ್ಯ, ಅದು ಬಳಕೆಯಾಗುವ ಮೊದಲೇ ಕಣ್ಣಿಗೆ ಬಿತ್ತು.

ಹಾಗಂತ ನಿಮ್ಮ ಸೈಟಿನ ಬಾಗಿಲು ಪೂರ್ತಿ ಮುಚ್ಚಿಲ್ಲ. ಮೊದಲು 1994ಕ್ಕಿಂತ ಹಿಂದಿನಿಂದ ಇಂದಿನವರೆಗೆ ಇಸಿ, ಅಂದರೆ ಆ ಸೈಟಿನ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ, ತೆಗೆಸಿ. ವಾರಸುದಾರರು ಈಗಾಗಲೇ ಬೇರೆಯವರಿಗೆ ಮಾರಿದ್ದರೆ, ಅದು ರಿಜಿಸ್ಟರ್ ಆಗಿದ್ದರೆ, ಅಲ್ಲೇ ಕಾಣುತ್ತದೆ. ಒಂದು ಎಚ್ಚರಿಕೆ: ರಿಜಿಸ್ಟರ್ ಆಗದ ಹಳೆಯ ಅಗ್ರಿಮೆಂಟ್, ನೋಟರಿ ಮುಂದೆ ಮಾಡಿದ ಜಿಪಿಎ ಇಸಿಯಲ್ಲಿ ಬರುವುದಿಲ್ಲ. ಇದೇ ಸೈಟಿಗೆ ಇನ್ನೊಬ್ಬರ ಬಳಿಯೂ ಇಂಥದ್ದೇ ಕವರು ಇರಬಹುದು. ಆದ್ದರಿಂದ ಸ್ಥಳಕ್ಕೆ ಹೋಗಿ ಯಾರ ಸ್ವಾಧೀನದಲ್ಲಿದೆ ಎಂದು ಅಕ್ಕಪಕ್ಕದವರನ್ನು ಕೇಳಿ.

ಆಮೇಲೆ ಮಾಲೀಕರ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ತರಿಸಿ. ಹೆಂಡತಿ, ಗಂಡುಮಕ್ಕಳು, ಮದುವೆಯಾದ ಹೆಣ್ಣುಮಕ್ಕಳು, ತೀರಿಕೊಂಡ ಮಗನಿದ್ದರೆ ಅವನ ಹೆಂಡತಿ-ಮಕ್ಕಳು, ಎಲ್ಲರೂ ಅದರಲ್ಲಿರಬೇಕು. ಅವರೆಲ್ಲ ಮಾರುವವರಾಗಿ ನಿಮಗೆ ನೇರವಾಗಿ ಕ್ರಯಪತ್ರ ಬರೆದುಕೊಡಲಿ. ಜಿಪಿಎ ಹಿಡಿದವರು ಒಪ್ಪಿಗೆದಾರರಾಗಿ ಅದಕ್ಕೆ ಸಹಿ ಹಾಕಲಿ. ವಾರಸುದಾರರು ಒಂದಿಷ್ಟು ಹಣ ಕೇಳಬಹುದು, ಆ ತಲೆನೋವು ಮಾರುವವರದು. ಒಬ್ಬ ಮಗಳು ಸಹಿಗೆ ಒಪ್ಪುವುದಿಲ್ಲ ಎಂದಾದರೆ 'ಆಮೇಲೆ ನೋಡಿಕೊಳ್ಳೋಣ' ಎಂಬ ಮಾತಿಗೆ ಬೀಳದೆ ಬೇರೆ ಸೈಟು ನೋಡಿ. ಒಪ್ಪಿದರೆ, ಕರಡನ್ನು ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರ ಕಡೆಯವರು 'ಇವರೇ ಇಬ್ಬರಿಗೂ ಮಾಡಿಕೊಡುತ್ತಾರೆ' ಎಂದು ಕರೆದುಕೊಂಡು ಬರುವ ವಕೀಲರು ಬೇಡ. ಅಡ್ವಾನ್ಸ್ ಅದಾದ ಮೇಲೆ.